ಮೇಲಿನ ಜಿಡ್ಡು ತೆಗೆದರೂ ಪೈಪ್ ಕಟ್ಟಿಕೊಳ್ಳುವುದೇಕೆ?

ಪ್ರಶ್ನೆ: ನಮ್ಮ ಹೋಟೆಲ್‌ನ ಅಡುಗೆಮನೆಯ ಸಿಂಕ್ ಕೆಳಗೆ ಒಂದು ಗ್ರೀಸ್ ಟ್ರ್ಯಾಪ್ ಇದೆ. 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, ನೀರಿನ ಆಳ 40 ಸೆಂ.ಮೀ. ತಿಂಗಳಿಗೊಮ್ಮೆ ಮೇಲೆ ತೇಲುವ ಜಿಡ್ಡು ತೆಗೆಸುತ್ತೇವೆ. ನಡುನಡುವೆ ಬಿಸಿನೀರು, ಸೋಪು ಹಾಕುತ್ತೇವೆ. ಆದರೂ ಟ್ರ್ಯಾಪ್‌ನಿಂದ ಮುಂದಿನ ಪೈಪ್ ಕಟ್ಟಿಕೊಂಡಿತು. ಟ್ರ್ಯಾಪ್ ಹಾಳಾಗಿದೆಯಾ?

ಉತ್ತರ: ಹಾಳಾಗಿರಲಿಕ್ಕಿಲ್ಲ. ನೀವು ಅದರ ಅರ್ಧ ಭಾಗ ಮಾತ್ರ ಕ್ಲೀನ್ ಮಾಡಿಸುತ್ತಿದ್ದೀರಿ, ಅಷ್ಟೇ. ಆ ಬಿಸಿನೀರಿನದ್ದೂ ಸ್ವಲ್ಪ ಪಾಲಿದೆ.

ಮುಸುರೆ ಪಾತ್ರೆ ತೊಳೆದ ನೀರನ್ನು ಒಂದು ಬಕೆಟ್‌ನಲ್ಲಿ ರಾತ್ರಿಯಿಡೀ ಅಲುಗಾಡಿಸದೆ ಇಟ್ಟು ಬೆಳಗ್ಗೆ ನೋಡಿ. ಮೇಲೆ ಜಿಡ್ಡು, ತಳದಲ್ಲಿ ಅನ್ನದಗುಳು, ಗಸಿ, ನಡುವೆ ಹೆಚ್ಚುಕಡಿಮೆ ತಿಳಿನೀರು. ನೀರಿಗಿಂತ ಎಣ್ಣೆ, ಕೊಬ್ಬು ನೂರಕ್ಕೆ ಹತ್ತರಷ್ಟು ಹಗುರ, ಹಾಗಾಗಿ ಮೇಲೇರುತ್ತವೆ. ಟ್ರ್ಯಾಪ್ ಎಂದರೆ ನೀರು ಹರಿಯುತ್ತಲೇ ಇರುವ ಇಂಥದ್ದೇ ಒಂದು ಬಕೆಟ್. ಒಳಬರುವ ಬಾಯಿಯ ಮುಂದೆ ಒಂದು ಅಡ್ಡಹಲಗೆ ಇರುತ್ತದೆ. ಅದು ನೀರಿನ ರಭಸ ಮುರಿಯುತ್ತದೆ. ಹೊರಹೋಗುವ ಕಡೆ ಇನ್ನೊಂದು ಹಲಗೆ. ಇದರ ಮೇಲ್ಭಾಗ ಮುಚ್ಚಿರುತ್ತದೆ, ತಳದ ಹತ್ತಿರ ಮಾತ್ರ ಸಂದು. ಹಾಗಾಗಿ ನೀರು ಕೆಳಗಿನಿಂದ ನುಸುಳಿಯೇ ಆಚೆ ಹೋಗಬೇಕು, ಮೇಲೆ ತೇಲುವ ಜಿಡ್ಡು ಒಳಗೇ ಉಳಿಯುತ್ತದೆ.

ಜಿಡ್ಡು ಮೇಲೇರಲು ಸಮಯ ಬೇಕು. ನಿಮ್ಮ ಟ್ರ್ಯಾಪ್‌ನಲ್ಲಿ ಸುಮಾರು 96 ಲೀಟರ್ ನೀರು ಹಿಡಿಯುತ್ತದೆ. ಸಿಂಕ್‌ನಿಂದ ನಿಮಿಷಕ್ಕೆ 20 ಲೀಟರ್ ಬಂದರೆ ನೀರು ಒಳಗೆ ನಿಲ್ಲುವುದು ಹತ್ತಿರ ಹತ್ತಿರ 5 ನಿಮಿಷ. 0.2 ಮಿ.ಮೀ. ಗಾತ್ರದ ಎಣ್ಣೆ ಹನಿ ಸೆಕೆಂಡಿಗೆ ಸುಮಾರು 2 ಮಿ.ಮೀ. ಮೇಲೇರುತ್ತದೆ. ತಳದಿಂದ ಹೊರಟರೂ ಮೂರೂವರೆ ನಿಮಿಷದೊಳಗೆ ಮೇಲೆ ಸೇರುತ್ತದೆ. ಇದು ಸರಿ. ಆದರೆ ಹನಿ ಹತ್ತು ಪಾಲು ಚಿಕ್ಕದಾದರೆ ಅದರ ವೇಗ ನೂರು ಪಾಲು ಇಳಿಯುತ್ತದೆ. 0.02 ಮಿ.ಮೀ. ಹನಿಗೆ ಅಷ್ಟೇ ದೂರ ಏರಲು ಐದು ಗಂಟೆ ಬೇಕು. ಅಷ್ಟು ಹೊತ್ತು ಅದು ನಿಮ್ಮ ಟ್ರ್ಯಾಪ್‌ನಲ್ಲಿ ಇರುವುದೇ ಇಲ್ಲ.

ಸೋಪಿನ ಕೆಲಸ ಏನು ಹೇಳಿ? ಜಿಡ್ಡನ್ನು ಅಂಥ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲೇ ತೇಲಾಡಿಸುವುದು. ಬಿಸಿನೀರು ಗಟ್ಟಿಯಾದ ಕೊಬ್ಬನ್ನು ಕರಗಿಸುತ್ತದೆ. ಪಾತ್ರೆ ತೊಳೆಯುವಾಗ ಇವೆರಡೂ ಬೇಕು, ಬೇರೆ ದಾರಿಯಿಲ್ಲ. ಆದರೆ ಟ್ರ್ಯಾಪ್ ಕ್ಲೀನ್ ಆಗಲಿ ಎಂದು ಬೇಕಂತಲೇ ಸುರಿದರೆ, ಹಿಡಿದಿಟ್ಟ ಜಿಡ್ಡನ್ನು ನಾವೇ ಕೈಯಾರೆ ಮುಂದಕ್ಕೆ ಕಳಿಸಿದ ಹಾಗೆ. ಮುಂದೆ ಪೈಪ್ ತಣ್ಣಗಿರುತ್ತದೆ. ಅಲ್ಲಿ ಅದು ಮತ್ತೆ ಗಟ್ಟಿಯಾಗಿ ಗೋಡೆಗೆ ಅಂಟುತ್ತದೆ. ಕಟ್ಟಿದ್ದು ಅಲ್ಲೇ ಅಲ್ವಾ?

ಈಗ ನೀವು ತೆಗೆಸದೆ ಬಿಟ್ಟ ಅರ್ಧಕ್ಕೆ ಬರೋಣ. ಅದು ತಳದ ಗಸಿ. ಮುಚ್ಚಳ ತೆಗೆದಾಗ ಜಿಡ್ಡು ಕಣ್ಣಿಗೆ ಬೀಳುತ್ತದೆ, ಗಸಿ ಬೀಳುವುದಿಲ್ಲ. ನಾನು ಒಂದು ಅಡುಗೆಮನೆಯಲ್ಲಿ ಇದೇ ದೂರಿಗೆ ಹೋಗಿದ್ದೆ. ಹಿಂದಿನ ದಿನವಷ್ಟೇ ಮೇಲಿನದನ್ನೆಲ್ಲ ತೆಗೆದಿದ್ದರು. ನೀರು ನೋಡಲು ಪರವಾಗಿಲ್ಲ ಎನ್ನುವ ಹಾಗಿತ್ತು. ಕೋಲು ಇಳಿಬಿಟ್ಟರೆ ತಳಕ್ಕೆ ಇನ್ನೂ 12 ಸೆಂ.ಮೀ. ಇರುವಾಗಲೇ ಮೆತ್ತಗೆ ತಡೆಯಿತು. ಹೊರಹೋಗುವ ಹಲಗೆಯ ಸಂದು ತಳದಿಂದ 10 ಸೆಂ.ಮೀ. ಎತ್ತರ ಮಾತ್ರ. ಅಂದರೆ ಸಂದು ಪೂರ್ತಿ ಗಸಿಯೊಳಗೆ ಹೂತಿತ್ತು. ನೀರು ಅದರಲ್ಲೇ ಒಂದು ಸಣ್ಣ ಬಿಲ ಕೊರೆದುಕೊಂಡು, ಪ್ರತಿ ಸಲ ಒಂದಿಷ್ಟು ಗಸಿಯನ್ನು ಕಿತ್ತುಕೊಂಡು ಪೈಪ್‌ಗೆ ಹೋಗುತ್ತಿತ್ತು. ನಿಮ್ಮಲ್ಲೂ ಹೀಗೇ ಆಗಿರಬಹುದು ಎಂದು ನನ್ನ ಅನುಮಾನ.

ಮೇಲಿನ ಪದರ ದಪ್ಪವಾದರೂ ಕಥೆ ಅದೇ. ಜಿಡ್ಡು, ಗಸಿ ಎರಡೂ ಸೇರಿ ಅರ್ಧ ಆಳ ತಿಂದವು ಅಂದುಕೊಳ್ಳಿ. ಹನಿ ಏರಬೇಕಾದ ದೂರವೂ ಅರ್ಧ ಆಯಿತಲ್ಲ, ನಷ್ಟವೇನು ಎಂದು ಕೆಲವರು ಕೇಳುತ್ತಾರೆ. ಲೆಕ್ಕದಲ್ಲಿ ಅದು ನಿಜವೇ. ಆದರೆ ಉಳಿದ ಕಿರಿದಾದ ದಾರಿಯಲ್ಲಿ ನೀರು ಎರಡು ಪಟ್ಟು ವೇಗವಾಗಿ ಓಡುತ್ತದೆ. ಮೇಲಿನ ಜಿಡ್ಡಿನ ಅಡಿಭಾಗವನ್ನು ಕೆರೆಯುತ್ತದೆ, ಕೆಳಗಿನ ಗಸಿಯನ್ನು ಕದಡುತ್ತದೆ. ನಿಂತು ಬೇರ್ಪಡುವ ಶಾಂತ ನೀರೇ ಅಲ್ಲಿ ಇರುವುದಿಲ್ಲ. ಅದಕ್ಕೇ ಜಿಡ್ಡು ಮತ್ತು ಗಸಿ ಸೇರಿ ಆಳದ ಕಾಲು ಭಾಗ ತುಂಬುವ ಮೊದಲೇ ಖಾಲಿ ಮಾಡಬೇಕು ಎನ್ನುವ ನಿಯಮ ಬಹಳ ಕಡೆ ಬಳಕೆಯಲ್ಲಿದೆ. ನಿಮಗೆ ಅದು 10 ಸೆಂ.ಮೀ.

ತಿಂಗಳಿಗೊಮ್ಮೆ ಸಾಕಾ ಎನ್ನುವುದನ್ನು ಕ್ಯಾಲೆಂಡರ್ ಹೇಳುವುದಿಲ್ಲ, ಅಳತೆ ಹೇಳುತ್ತದೆ. ಒಂದಿಂಚಿನ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ತುಂಡನ್ನು ನಿಧಾನವಾಗಿ ತಳದವರೆಗೆ ಇಳಿಸಿ. ಮೇಲಿನ ಬಾಯಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ ಎತ್ತಿ. ಮೂರು ಪದರವೂ ಕಾಣುತ್ತವೆ. ಜಿಡ್ಡು ಗಟ್ಟಿಯಾಗಿದ್ದರೆ ಪೈಪ್ ಬಾಯಿ ಕಟ್ಟಿಕೊಳ್ಳುತ್ತದೆ, ಆಗ ಜಿಡ್ಡನ್ನು ಒಂದು ಕಡೆ ಸರಿಸಿ, ಗಸಿಯನ್ನು ಕೋಲಿನಿಂದ ಅಳೆದರಾಯಿತು. ವಾರಕ್ಕೊಮ್ಮೆ ಬರೆದಿಡಿ. ಮೊದಲ ವಾರ ಜಿಡ್ಡು 3, ಗಸಿ 1, ಒಟ್ಟು 4 ಸೆಂ.ಮೀ. ಬಂತು ಅನ್ನಿ. ಎರಡನೇ ವಾರ 8. ಮೂರನೇ ವಾರ ಮಿತಿ ದಾಟುತ್ತದೆ. ಹಾಗಿದ್ದರೆ ನಿಮ್ಮದು ಎರಡು ವಾರದ ಟ್ರ್ಯಾಪ್. ಕರಿದ ಎಣ್ಣೆಯನ್ನು ಸಿಂಕ್‌ಗೆ ಸುರಿಯುವುದನ್ನು ನಿಲ್ಲಿಸಿ, ಪಾತ್ರೆಯ ಎಂಜಲು ಒರೆಸಿ ತೊಳೆದರೆ ಈ ಅಂತರ ಹಿಗ್ಗುತ್ತದೆ.

ಇದೆಲ್ಲ ಮಾಡಿದ ಮೇಲೂ ಸಿಂಕ್ ನಿಧಾನವಾಗಿ ಖಾಲಿಯಾದರೆ ಮುಚ್ಚಳ ತೆಗೆದು ಮಟ್ಟ ನೋಡಿ. ಟ್ರ್ಯಾಪ್‌ನಲ್ಲಿ ನೀರು ಮಾಮೂಲಿಗಿಂತ ಮೇಲೆ ನಿಂತಿದ್ದರೆ ತಡೆ ಹೊರಹೋಗುವ ಸಂದಿನಲ್ಲಿ ಅಥವಾ ಮುಂದಿನ ಪೈಪ್‌ನಲ್ಲಿದೆ. ಮಟ್ಟ ಸರಿಯಿದ್ದರೆ ತಡೆ ಸಿಂಕ್ ಮತ್ತು ಟ್ರ್ಯಾಪ್ ನಡುವೆ.

ಕೆಟ್ಟ ವಾಸನೆಯೂ ಗಸಿಯದ್ದೇ ಕೊಡುಗೆ. ಗಾಳಿಯಿಲ್ಲದೆ ಕೊಳೆತು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತದೆ. ನಿಮ್ಮಂಥ ಸಣ್ಣ ಪೆಟ್ಟಿಗೆಗೆ ಕಿಟಕಿ ತೆರೆದರೆ ಸಾಕು. ನೆಲದಡಿಯ ದೊಡ್ಡ ತೊಟ್ಟಿಯಾದರೆ ಈ ಅನಿಲ ಪ್ರಾಣ ತೆಗೆಯುತ್ತದೆ. ಅದರೊಳಗೆ ಯಾರನ್ನೂ ಇಳಿಸಬೇಡಿ, ಮೇಲಿನಿಂದ ಹೀರುವ ಗಾಡಿ ಕರೆಸಿ.

ಕ್ಲೀನ್ ಮಾಡಲು ಬೆಳಗ್ಗೆ, ನಲ್ಲಿ ತಿರುಗಿಸುವ ಮೊದಲೇ ಒಳ್ಳೆಯ ಹೊತ್ತು. ರಾತ್ರಿ ತಣ್ಣಗಾಗಿ ಜಿಡ್ಡು ಗಟ್ಟಿಯಾಗಿರುತ್ತದೆ, ಹೆಂಟೆ ಹೆಂಟೆಯಾಗಿ ಎದ್ದುಬರುತ್ತದೆ. ಅದನ್ನು ಮುಚ್ಚಳದ ಡಬ್ಬಕ್ಕೆ ಹಾಕಿ. ಆಮೇಲೆ ನೀರನ್ನೂ ಗಸಿಯನ್ನೂ ಪೂರ್ತಿ ತೋಡಿ ತೆಗೆಯಿರಿ. ಹಲಗೆಗಳ ಎರಡೂ ಮೈ ಕೆರೆಯಿರಿ. ತೆಗೆದ ಯಾವುದನ್ನೂ ಮತ್ತೆ ಚರಂಡಿಗೆ ಬಿಡಬೇಡಿ. ಮುಚ್ಚುವ ಮೊದಲು ತಣ್ಣೀರನ್ನು ಮೊದಲಿನ ಮಟ್ಟದವರೆಗೆ ತುಂಬಿಸಿ. ಇದನ್ನು ಬಹಳ ಜನ ಮರೆಯುತ್ತಾರೆ. ಖಾಲಿ ಟ್ರ್ಯಾಪ್‌ಗೆ ಬಿದ್ದ ಮೊದಲ ಮುಸುರೆ ನೀರಿನ ಜಿಡ್ಡು ಹಲಗೆಯ ಅಡಿಯಿಂದ ನುಸುಳಿ ಆಚೆ ಬದಿ ಸೇರಿಬಿಡುತ್ತದೆ. ನೀರು ತುಂಬುತ್ತಿದ್ದ ಹಾಗೆ ನೇರ ಪೈಪ್‌ಗೆ.