ಫಿಲ್ ಮಾಡಿದ ಜಾಗವನ್ನು ಪ್ರಿಂಟ್‌ಗೆ ಮೊದಲು ನೋಡುವ ಕ್ರಮ

ಪ್ರಶ್ನೆ: "ಅಜ್ಜಿಗೆ ಎಂಬತ್ತು ತುಂಬಿದ ದಿನ ಮಾಟುಂಗಾದ ಹೋಟೆಲ್ ಮುಂದೆ ತೆಗೆದ ಫೋಟೊ. ಹಿಂದೆ ನಿಂತಿದ್ದ ಅಪರಿಚಿತರೊಬ್ಬರನ್ನು ಫೋಟೊಶಾಪ್‌ನ ಜನರೇಟಿವ್ ಫಿಲ್‌ನಿಂದ ತೆಗೆದಿದ್ದೇನೆ. ಮೊಬೈಲ್‌ನಲ್ಲಿ ಏನೂ ಗೊತ್ತಾಗುತ್ತಿಲ್ಲ. 12×18 ಇಂಚಿಗೆ ಪ್ರಿಂಟ್ ಹಾಕಿಸುವ ಮೊದಲು ಏನೇನು ನೋಡಬೇಕು?"

ಅಕ್ಕನವರೇ, ನೀವು ಗುಂಪಿನ ಡ್ರೈವ್‌ನಲ್ಲಿ ಇಟ್ಟಿರುವ ಪದರಗಳ ಸಮೇತದ ಕಡತವನ್ನು ತೆರೆದು ನೋಡಿದೆ. ಫೋಟೊ 6000×4000 ಪಿಕ್ಸೆಲ್ ಇರುವುದರಿಂದ 18 ಇಂಚಿನ ಅಗಲಕ್ಕೆ ಇಂಚಿಗೆ 333 ಪಿಕ್ಸೆಲ್ ಸಿಗುತ್ತದೆ. ಮೊಬೈಲ್ ಪರದೆ ಮುಚ್ಚಿಡುವ ಪ್ರತಿಯೊಂದು ದೋಷವನ್ನೂ ಈ ಅಳತೆಯ ಪ್ರಿಂಟ್ ತೋರಿಸಿಬಿಡುತ್ತದೆ. ಆದ್ದರಿಂದ ಕಂಪ್ಯೂಟರಿನಲ್ಲಿ ಚಿತ್ರವನ್ನು 100%ಕ್ಕೆ ಇಟ್ಟುಕೊಂಡು, ಫಿಲ್ ಆದ ಜಾಗವನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಸರಿಸುತ್ತಾ ನೋಡಬೇಕು.

ಮೊದಲು ನೋಡಬೇಕಾದದ್ದು ಫಿಲ್ ಎಲ್ಲಿಯವರೆಗೆ ಹರಡಿದೆ ಎಂಬುದನ್ನು. ನೀವು ಆಯ್ಕೆ ಮಾಡಿದ ಗೆರೆಯೊಳಗೆ ಏನೇನಿತ್ತೋ ಅದೆಲ್ಲವನ್ನೂ ಈ ಸಾಧನ ಹೊಸದಾಗಿ ಬರೆಯುತ್ತದೆ. ಇದು ಬೇಕಾದದ್ದು, ಇದು ಬೇಡವಾದದ್ದು ಎಂಬ ವಿವೇಚನೆ ಅದಕ್ಕಿಲ್ಲ. ಫಿಲ್ ಪದರದ ಪಕ್ಕದಲ್ಲಿರುವ ಮಾಸ್ಕ್‌ನ ಮೇಲೆ Alt ಕೀಲಿ ಒತ್ತಿಕೊಂಡು ಕ್ಲಿಕ್ ಮಾಡಿದರೆ ಆ ಹರವು ಬಿಳಿಯಾಗಿ ಕಾಣುತ್ತದೆ. ನಿಮ್ಮ ಕಡತದಲ್ಲಿ ಅದು ಅಜ್ಜಿಯ ಹೆಗಲ ಮೇಲಿರುವ ಮೊಮ್ಮಗಳ ಬೆರಳುಗಳ ಮೇಲೂ ಹಾದುಹೋಗಿದೆ. ಅದೇ ಪದರದ ಬ್ಲೆಂಡ್ ಮೋಡನ್ನು ಸ್ವಲ್ಪ ಹೊತ್ತು Difference ಮಾಡಿ ನೋಡಿ. ಮೂಲಕ್ಕೂ ಫಿಲ್‌ಗೂ ವ್ಯತ್ಯಾಸವಿಲ್ಲದ ಕಡೆ ಕಪ್ಪಾಗುತ್ತದೆ. ಬೆರಳುಗಳ ಜಾಗ ಕಪ್ಪಾಗದೆ ಬೆಳ್ಳಗೆ ಕಾಣುತ್ತಿರುವುದರಿಂದ ಅವು ಈಗ ಆ ಹುಡುಗಿಯ ಬೆರಳುಗಳಾಗಿ ಉಳಿದಿಲ್ಲ.

ಥಾಣೆಯ ಸ್ನೇಹಿತರೊಬ್ಬರು ಇದೇ ಗುಂಪಿನಲ್ಲಿ ಬರೆದಂತೆ, ಆರು ಬೆರಳು ಮೂಡುವುದು ಹೊಸ ಆವೃತ್ತಿಗಳಲ್ಲಿ ಕಡಿಮೆಯಾಗಿದೆ ಎಂಬ ಮಾತು ನಿಜ. ಆದರೆ ಅದರಿಂದ ಎಣಿಸಿ ಐದು ಬಂದರೆ ಸಾಕು ಎಂದು ತೀರ್ಮಾನಿಸಲಾಗದು. ಇಲ್ಲಿ ಕಾಣಬೇಕಾದ ನಾಲ್ಕು ಬೆರಳುಗಳೂ ಇವೆ, ಆದರೂ ಕೈ ತಪ್ಪಾಗಿದೆ. ಮಣಿಕಟ್ಟಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ತುದಿಯವರೆಗೆ ಹಿಂಬಾಲಿಸಿದರೆ, ಉಂಗುರದ ಬೆರಳಿಗೂ ಕಿರುಬೆರಳಿಗೂ ನಡುವಿನ ಗೆರೆ ಅರ್ಧದಲ್ಲೇ ಕರಗಿಹೋಗಿರುವುದು, ಕಿರುಬೆರಳಿಗೆ ಉಗುರೇ ಇಲ್ಲದಿರುವುದು, ಗಾಜಿನ ಬಳೆಯ ಒಂದು ಅಂಚು ಚರ್ಮದೊಳಗೆ ಸೇರಿಹೋಗಿರುವುದು ಕಾಣುತ್ತದೆ. ಇದಕ್ಕೆ ಮತ್ತೆ ಫಿಲ್ ಕೊಡಬೇಡಿ. ಮೂಲ ಕೈ ಕೆಳಗಿನ ಪದರದಲ್ಲೇ ಹಾಗೆಯೇ ಇದೆ. ಮಾಸ್ಕ್ ಮೇಲೆ ಅಂಚು ಸ್ವಲ್ಪ ಮೃದುವಾದ ಕಪ್ಪು ಬ್ರಷ್ ಆಡಿಸಿದರೆ ಅದು ಮೇಲೆ ಬರುತ್ತದೆ.

ಹಿಂದಿನ ಹೋಟೆಲಿನ ಫಲಕದ ವಿಷಯ ಇದಕ್ಕಿಂತ ಕಷ್ಟದ್ದು, ಏಕೆಂದರೆ ಆ ವ್ಯಕ್ತಿಯ ತಲೆ ಫಲಕದ ಕೊನೆಯ ಅಕ್ಷರಗಳನ್ನು ಮುಚ್ಚಿತ್ತು, ಹಾಗಾಗಿ ಕೆಳಗಿನ ಪದರದಲ್ಲಿ ತೋರಿಸಲು ಅಕ್ಷರಗಳೇ ಇಲ್ಲ. ಈಗ ಇರುವುದು ಅಕ್ಷರದಂತೆ ಕಾಣುವ ಆಕಾರಗಳು ಮಾತ್ರ. ನಾವು ಪದವನ್ನು ಮೊದಲ ಅಕ್ಷರಗಳಿಂದಲೇ ಗುರುತಿಸಿ ಮುಂದೆ ಹೋಗುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಚಿತ್ರವನ್ನು ತಲೆಕೆಳಗು ಮಾಡಿ ನೋಡಿ: ಆಗ ಓದು ನಿಂತು ಆಕಾರ ಮಾತ್ರ ಉಳಿಯುತ್ತದೆ. ಮರಾಠಿ ಸಾಲಿನಲ್ಲಿ ಮೇಲಿನ ಅಡ್ಡಗೆರೆ ಎರಡು ಕಡೆ ತುಂಡಾಗಿದೆ, ಒಂದು ಮಾತ್ರೆ ಯಾವ ಅಕ್ಷರಕ್ಕೂ ಸೇರದೆ ತೂಗುತ್ತಿದೆ. ಇಂಗ್ಲಿಷ್ ಸಾಲು ಮೊದಲ ನೋಟಕ್ಕೆ ಸರಿ ಎನಿಸಿದರೂ ಅಕ್ಷರಗಳ ದಪ್ಪ ಒಂದೇ ಸಮ ಇಲ್ಲ. ಕನ್ನಡ ಫಲಕವಿದ್ದರೆ ತಲೆಕಟ್ಟು ಮತ್ತು ಒತ್ತಕ್ಷರಗಳನ್ನೇ ಮೊದಲು ನೋಡಿ, ಕೆಡುವುದು ಅಲ್ಲಿಂದಲೇ. ಅದೇ ಜಾಗದಲ್ಲಿ ಬೇರೆ ಫ್ರೇಮ್‌ಗಳೂ ಇವೆ ಎಂದಿದ್ದೀರಿ. ಆ ವ್ಯಕ್ತಿ ಪಕ್ಕಕ್ಕೆ ಸರಿದಿರುವ ಒಂದು ಫ್ರೇಮಿನಿಂದ ಫಲಕದ ತುದಿಯನ್ನು ಕತ್ತರಿಸಿ ತಂದು ಕೂರಿಸಿ. ಅಂಥದ್ದು ಇಲ್ಲದಿದ್ದರೆ ಫಲಕವನ್ನು ಕ್ರಾಪ್ ಮಾಡಿ. ನಿಜವಾದ ಹೋಟೆಲಿನ ಹೆಸರಿಗೆ ಇಲ್ಲದ ಅಕ್ಷರ ಅಂಟಿಸಿ ಮನೆಯ ಗೋಡೆಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಗೋಡೆಯ ಮೈ. ಹೆಚ್ಚಿನವರು ತಪ್ಪುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಂಜೆ ಬೆಳಕಿನಲ್ಲಿ ಹೆಚ್ಚಿನ ಐಎಸ್‌ಒದಲ್ಲಿ ತೆಗೆದ ಫೋಟೊದಲ್ಲಿ ಸೆನ್ಸರಿನ ಸಣ್ಣ ಕಾಳು ಚಿತ್ರದ ತುಂಬ ಹರಡಿರುತ್ತದೆ, ಫಿಲ್ ಬರೆದ ಗೋಡೆಯಲ್ಲಿ ಆ ಕಾಳು ಸಾಮಾನ್ಯವಾಗಿ ಅಷ್ಟು ಇರುವುದಿಲ್ಲ. ಜೊತೆಗೆ ಈ ಸಾಧನದ ಮೊದಲ ಆವೃತ್ತಿಗಳು ಒಂದು ಬಾರಿಗೆ 1024×1024 ಪಿಕ್ಸೆಲ್‌ನಷ್ಟನ್ನೇ ಬರೆದು, ಆಯ್ಕೆ ಅದಕ್ಕಿಂತ ದೊಡ್ಡದಿದ್ದರೆ ಎಳೆದು ಹಿಗ್ಗಿಸುತ್ತಿದ್ದವು. ನೀವು ಸುಮಾರು 2600 ಪಿಕ್ಸೆಲ್ ಎತ್ತರದ ಆಳನ್ನು ಒಂದೇ ಸಲಕ್ಕೆ ತೆಗೆದಿದ್ದೀರಿ. ಆವೃತ್ತಿ ಯಾವುದೇ ಇರಲಿ, ಗೋಡೆಯ ಆ ಭಾಗ ಸುತ್ತಲಿಗಿಂತ ಮಂಕಾಗಿದೆ, ಒರೆಸಿದ ಸ್ಲೇಟಿನ ಹಾಗೆ.

ಇದನ್ನು ಕಣ್ಣಳತೆಗೆ ಬಿಡಬೇಕಾಗಿಲ್ಲ. Histogram ಪ್ಯಾನೆಲ್ ಅನ್ನು ವಿಸ್ತರಿಸಿಕೊಂಡು, ಫಿಲ್‌ನ ಹೊರಗೆ ನೆರಳಿಲ್ಲದ ಬೋಳು ಗೋಡೆಯಲ್ಲಿ ಒಂದು ಚಿಕ್ಕ ಚೌಕ ಆಯ್ಕೆ ಮಾಡಿ, ಅಲ್ಲಿ ಬರುವ Std Dev ಅಂಕಿಯನ್ನು, ಅಂದರೆ ಆ ಚೌಕದೊಳಗೆ ಬೆಳಕು ಎಷ್ಟು ಏರುಪೇರಾಗಿದೆ ಎಂಬುದನ್ನು, ಬರೆದಿಟ್ಟುಕೊಳ್ಳಿ. ಎಚ್ಚರಿಕೆಯ ತ್ರಿಕೋನ ಕಂಡರೆ ಅದನ್ನು ಒತ್ತಿದ ಮೇಲಷ್ಟೇ ಅಂಕಿಯನ್ನು ನಂಬಿ. ಅದೇ ಚೌಕವನ್ನು ಫಿಲ್‌ನೊಳಗೆ ಅಷ್ಟೇ ಬೆಳಕಿರುವ ಕಡೆಗೆ ಸರಿಸಿ ಮತ್ತೆ ಓದಿ. ನಿಮ್ಮ ಚಿತ್ರದಲ್ಲಿ ಹೊರಗೆ 4.6, ಒಳಗೆ 1.9 ಬಂತು. ಇಷ್ಟು ಅಂತರವಿದ್ದರೆ ಪ್ರಿಂಟ್‌ನಲ್ಲಿ ಆ ವ್ಯಕ್ತಿಯ ಆಕಾರವೇ ನುಣುಪಾದ ಕಲೆಯಾಗಿ ಕಾಣಬಹುದು.

ಸರಿಪಡಿಸಲು ಮೊದಲು ಆ ಜಾಗವನ್ನು ಸಾವಿರ ಪಿಕ್ಸೆಲ್ ಮೀರದ, ಅಂಚಿನಲ್ಲಿ ತುಸು ಒಂದರ ಮೇಲೊಂದು ಬರುವ ತುಂಡುಗಳಲ್ಲಿ ಮತ್ತೆ ಫಿಲ್ ಮಾಡಿ, ಆದರೆ ಕೈಯನ್ನೂ ಫಲಕವನ್ನೂ ಆಯ್ಕೆಯಿಂದ ಹೊರಗಿಡಿ. ಆಮೇಲೆ ಮೇಲೆ 50% ಬೂದು ತುಂಬಿದ ಪದರವನ್ನು Overlay ಮೋಡಿನಲ್ಲಿ ಇಟ್ಟು, ಫಿಲ್ ಆದ ಜಾಗಕ್ಕಷ್ಟೇ ಕಾಣುವಂತೆ ಮಾಸ್ಕ್ ಕೊಟ್ಟು, ಮಾಸ್ಕ್ ಬಿಟ್ಟು ಬೂದು ಪದರವನ್ನೇ ಆಯ್ದುಕೊಂಡು Add Noise ಅನ್ನು Gaussian, Monochromatic ಆಯ್ಕೆಗಳೊಂದಿಗೆ ಹಾಕಿ. ಹೀಗೆ ಹಾಕಿದ ಕಾಳು ಕ್ಯಾಮೆರಾದ ಕಾಳಿಗಿಂತ ಚೂಪಾಗಿರುತ್ತದೆ, ಅದಕ್ಕೆ ಅರ್ಧ ಪಿಕ್ಸೆಲ್‌ಗಿಂತ ಕಡಿಮೆ ಬ್ಲರ್ ಕೊಡಿ. ಬ್ಲರ್ ಕೊಟ್ಟಾಗ ಅಂಕಿ ಮತ್ತೆ ಇಳಿಯುವುದರಿಂದ, ಒಳಗಿನದು ಹೊರಗಿನದರ ಹತ್ತಿರ ಬರುವವರೆಗೆ ಕಾಳಿನ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಕೊನೆಗೆ ಎಲ್ಲಕ್ಕಿಂತ ಮೇಲೆ Curves ಪದರವೊಂದನ್ನು ಹಾಕಿ, ಗೆರೆಯನ್ನು ಅಲೆಯಂತೆ ಕಡಿದಾಗಿ ಏರಿಳಿಸಿ ನೋಡಿ. ಬಣ್ಣದ ಬೆಸುಗೆ ಎಲ್ಲಾದರೂ ಉಳಿದಿದ್ದರೆ ಎದ್ದು ಕಾಣುತ್ತದೆ. ನೋಡಿದ ಮೇಲೆ ಆ ಪದರವನ್ನು ಅಳಿಸಿಬಿಡಿ. ನೆಲದಲ್ಲಿ ಆ ವ್ಯಕ್ತಿಯ ನೆರಳು ಉಳಿದಿಲ್ಲ, ಮೊಸಾಯಿಕ್ ನೆಲದ ಗೆರೆಗಳೂ ನೇರವಾಗಿ ಕೂಡಿವೆ. ಅಲ್ಲಿ ಏನೂ ಮಾಡಬೇಕಾಗಿಲ್ಲ.

ಡೊಂಬಿವಲಿಯ ಅಕ್ಕನವರು ವಾಟ್ಸಾಪ್‌ನಲ್ಲಿ ಬಂದ ಚಿತ್ರ ಅಸಲಿಯೋ ನಕಲಿಯೋ ಎಂದು ತಿಳಿಯಲು ಈ ಕ್ರಮ ಆಗುತ್ತದೆಯೇ ಎಂದು ಕೇಳಿದ್ದಾರೆ. ಅದು ಬೇರೆಯೇ ಪ್ರಶ್ನೆ. ಅಲ್ಲಿ ಹೋಲಿಸಲು ಮೂಲ ಪದರ ಇರುವುದಿಲ್ಲ, ಕುಗ್ಗಿಸಿ ಕಳಿಸುವಾಗ ಕಾಳು ಎಲ್ಲ ಕಡೆಯೂ ಅಳಿದುಹೋಗುತ್ತದೆ. ಕೈ ಮತ್ತು ಬರಹವನ್ನು ನೋಡಬಹುದು, ಗೋಡೆಯ ಅಂಕಿಯಿಂದ ಏನನ್ನೂ ಹೇಳಲಾಗದು.

ದಾದರಿನಲ್ಲಿ ಲ್ಯಾಬ್ ನಡೆಸುವ ಹಿರಿಯರು, ಲಸ್ಟರ್ ಕಾಗದಕ್ಕೆ ತನ್ನದೇ ತರಿ ಇರುವುದರಿಂದ ಇಷ್ಟೆಲ್ಲ ಕಾಳಿನ ಲೆಕ್ಕ ಬೇಡ ಎಂದಿದ್ದಾರೆ. ಪ್ರಿಂಟಿನ ವಿಷಯದಲ್ಲಿ ಅವರ ಅನುಭವ ನನಗಿಂತ ಬಹಳ ದೊಡ್ಡದು. ಆದರೂ ತಿಳಿ ಬಣ್ಣದ ಗೋಡೆಯಲ್ಲಿ ಕಾಗದದ ತರಿ ಈ ವ್ಯತ್ಯಾಸವನ್ನು ಪೂರ್ತಿ ಮುಚ್ಚುತ್ತದೆ ಎಂದು ನನಗೆ ಅನಿಸುವುದಿಲ್ಲ. ಪೂರ್ತಿ ಪ್ರಿಂಟ್ ಹಾಕಿಸುವ ಮೊದಲು ಗೋಡೆ, ಕೈ, ಫಲಕ ಮೂರೂ ಬರುವ ಒಂದು ಪಟ್ಟಿಯನ್ನು ಚಿತ್ರ ಕುಗ್ಗಿಸದೆ ಅದೇ ಕಾಗದದ ಮೇಲೆ, ಕಾಳು ಹಾಕಿದ್ದು ಒಂದು, ಹಾಕದ್ದು ಒಂದು, ಎರಡೂ ತೆಗೆಸಿ. ಹಗಲು ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿ, ಯಾವುದು ಕಂಡಿತು ಎಂದು ಹಿರಿಯರಿಗೂ ನನಗೂ ಇಲ್ಲಿಯೇ ತಿಳಿಸಿ.