ಚಟ ಇದ್ದರೂ ಬೆಲೆ ಯಾಕೆ ಕೆಲಸ ಮಾಡುತ್ತದೆ

"ಸಿಗರೇಟಿನ ಚಟ ಹತ್ತಿದವರು ಬೆಲೆ ಎಷ್ಟೇ ಆದರೂ ಸೇದೇ ಸೇದ್ತಾರೆ. ಹಾಗಿರುವಾಗ ತೆರಿಗೆ ಏರಿಸೋದು, ಪ್ಯಾಕ್ ಮೇಲೆ ಕ್ಯಾನ್ಸರ್ ಚಿತ್ರ ಹಾಕೋದು ಎಲ್ಲ ಖಜಾನೆ ತುಂಬಿಸೋ ಉಪಾಯ ಅಷ್ಟೇ ಅಲ್ವಾ?"

ನಿಮ್ಮ ಮಾತಿನಲ್ಲಿ ಅರ್ಧ ಸರಿ. ನಾನು ಆರೋಗ್ಯ ಅರ್ಥಶಾಸ್ತ್ರ ಓದಿದವನು, ಈ ಲೆಕ್ಕಗಳ ಜೊತೆ ಬಹಳ ದಿನ ಕಳೆದಿದ್ದೇನೆ. ಬೆಲೆ ಶೇ. 10 ಏರಿದರೆ ಶ್ರೀಮಂತ ದೇಶಗಳಲ್ಲಿ ತಂಬಾಕಿನ ಬಳಕೆ ಸುಮಾರು ಶೇ. 4 ಇಳಿಯುತ್ತದೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು ಶೇ. 5. ಬೆಲೆ ಏರಿದಷ್ಟು ಬಳಕೆ ಇಳಿಯುವುದಿಲ್ಲ, ಅದಕ್ಕೆ ಚಟವೇ ಕಾರಣ. ಆದರೆ ಇಳಿಯುವುದಂತೂ ನಿಜ.

ಯಾಕೆ ಅಂದರೆ, ಸೇದುವವರೆಲ್ಲ ಒಂದೇ ಥರ ಇರುವುದಿಲ್ಲ. ಒಬ್ಬರು ಬಿಡಬೇಕು ಅಂತ ತಿಂಗಳಿಂದ ಯೋಚಿಸುತ್ತಿರುತ್ತಾರೆ. ಇನ್ನೊಬ್ಬರು ಬಿಟ್ಟು ಮೂರು ವಾರ ಆಗಿದೆ, ಮತ್ತೆ ಕೈ ಹೋಗುವ ಹೊತ್ತು. ಮತ್ತೊಬ್ಬ ಹದಿಹರೆಯದ ಹುಡುಗ ಗೆಳೆಯರು ಕೊಟ್ಟದ್ದನ್ನು ಸೇದಿದ್ದಾನೆ, ತಾನೇ ಒಂದು ಪ್ಯಾಕ್ ಕೊಂಡಿಲ್ಲ. ಬೆಲೆ ಅಲುಗಾಡಿಸುವುದು ಹೀಗೆ ಅಂಚಿನಲ್ಲಿ ನಿಂತವರನ್ನು. ದಿನಕ್ಕೆ ಎರಡು ಪ್ಯಾಕ್ ಸೇದುವವರನ್ನಷ್ಟೇ ನೋಡಿದರೆ ಈ ಬದಲಾವಣೆ ಕಣ್ಣಿಗೆ ಬೀಳುವುದೇ ಇಲ್ಲ. ಆ ಹುಡುಗನ ಕೈಯಲ್ಲಿ ದುಡ್ಡು ಕಡಿಮೆ, ಚಟ ಇನ್ನೂ ಗಟ್ಟಿಯಾಗಿಲ್ಲ. ಹಾಗಾಗಿ ಎಳೆಯರು ದೊಡ್ಡವರಿಗಿಂತ ಬೆಲೆಗೆ ಜಾಸ್ತಿ ಬಗ್ಗುತ್ತಾರೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಇವತ್ತು ಸೇದಿದ್ದು ನಾಳೆಯ ಬಯಕೆಯನ್ನು ಬೆಳೆಸುತ್ತದೆ. ಆದ್ದರಿಂದ ಇವತ್ತು ಶುರುವಾಗದ ಚಟ ಮುಂದಿನ ಮೂವತ್ತು ವರ್ಷದ ಬಳಕೆಯನ್ನೇ ಕಡಿಮೆ ಮಾಡುತ್ತದೆ. ಅರ್ಥಶಾಸ್ತ್ರಜ್ಞರಾದ ಗ್ಯಾರಿ ಬೆಕರ್ ಮತ್ತು ಕೆವಿನ್ ಮರ್ಫಿ 1988ರಲ್ಲಿ ಚಟದ ಬಗ್ಗೆ ಒಂದು ಮಾದರಿ ಕಟ್ಟಿದರು. ಬೆಲೆ ಏರಿಕೆ ಒಂದೆರಡು ತಿಂಗಳಲ್ಲಿ ಮಾಡುವುದಕ್ಕಿಂತ ವರ್ಷಗಳ ಮೇಲೆ ಮಾಡುವ ಕೆಲಸ ದೊಡ್ಡದು ಅನ್ನುವುದು ಅದರಿಂದಲೂ ಹೊರಡುತ್ತದೆ.

ಈಗ ಖಜಾನೆಯ ಮಾತು. ಒಂದು ಪ್ಯಾಕ್ ಬೆಲೆ 100, ಅದರಲ್ಲಿ ತೆರಿಗೆ 60 ಅಂದುಕೊಳ್ಳಿ. ತೆರಿಗೆಯನ್ನು 75ಕ್ಕೆ ಏರಿಸಿದರು, ಕಂಪನಿ ಅಷ್ಟನ್ನೂ ಗ್ರಾಹಕರ ಮೇಲೆ ಹಾಕಿತು. ಬೆಲೆ 115 ಆಯಿತು, ಅಂದರೆ ಶೇ. 15 ಏರಿಕೆ. ಶೇ. 10ಕ್ಕೆ 4ರ ಲೆಕ್ಕದಲ್ಲಿ ಬಳಕೆ ಶೇ. 6 ಇಳಿಯುತ್ತದೆ. ಮೊದಲು 100 ಪ್ಯಾಕ್‌ನಿಂದ 6,000 ಬರುತ್ತಿತ್ತು. ಈಗ 94 ಪ್ಯಾಕ್‌ನಿಂದ 7,050 ಬರುತ್ತದೆ. ನೋಡಿ, ಆದಾಯವೂ ಏರಿತು, ಸೇದುವುದೂ ಇಳಿಯಿತು. ಒಂದು ಇದ್ದರೆ ಇನ್ನೊಂದು ಸುಳ್ಳು ಅಂತಲ್ಲ.

ಇದು ಕೈಕೊಡುವ ಜಾಗಗಳೂ ಇವೆ. ತೆರಿಗೆ ಪ್ಯಾಕ್‌ಗೆ ಇಷ್ಟು ಅಂತ ಒಂದೇ ಮೊತ್ತದಲ್ಲಿ ನಿಂತುಬಿಟ್ಟರೆ, ಹಣದುಬ್ಬರ ಅದನ್ನು ಮೆಲ್ಲಗೆ ತಿಂದುಹಾಕುತ್ತದೆ. ಬೆಲೆ ಏರಿದರೂ ಜನರ ಆದಾಯ ಅದಕ್ಕಿಂತ ಬೇಗ ಏರಿದರೆ ಸಿಗರೇಟು ನಿಜವಾಗಿ ಅಗ್ಗವೇ ಆಗಿರುತ್ತದೆ. ಹಾಗಾಗಿ ಬರೀ ಬೆಲೆ ನೋಡಬಾರದು. ಒಬ್ಬರ ಒಂದು ದಿನದ ದುಡಿಮೆಗೆ ಎಷ್ಟು ಪ್ಯಾಕ್ ಬರುತ್ತದೆ ಅಂತ ವರ್ಷ ವರ್ಷ ನೋಡಬೇಕು. ಇನ್ನೊಂದು ತೂತು ಅಂದರೆ ಅಸಮಾನ ತೆರಿಗೆ. ಸಿಗರೇಟಿಗೆ ಮಾತ್ರ ಏರಿಸಿ ಕೈಯಲ್ಲಿ ಸುತ್ತಿಕೊಳ್ಳುವ ಹೊಗೆಸೊಪ್ಪನ್ನು ಹಾಗೇ ಬಿಟ್ಟರೆ, ಒಂದಷ್ಟು ಜನ ಬಿಡುವ ಬದಲು ಅತ್ತ ವಾಲುತ್ತಾರೆ.

ಚಿತ್ರದ ಕೆಲಸ ಬೇರೆ. ಧೂಮಪಾನ ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತು, ಆದರೆ ಬೆಂಕಿ ಹಚ್ಚುವ ಹೊತ್ತಿಗೆ ಆ ಅರಿವು ದೂರ ಇರುತ್ತದೆ. ಆನಂದ ಈಗ, ಕಾಯಿಲೆ ಇಪ್ಪತ್ತು ವರ್ಷದ ಮೇಲೆ. ಆ ದೂರದ ನಷ್ಟವನ್ನು ಮನಸ್ಸು ತುಂಬಾ ಚಿಕ್ಕದಾಗಿ ಎಣಿಸುತ್ತದೆ. ಚಿತ್ರ ಅದನ್ನು ಈ ಕ್ಷಣಕ್ಕೆ ತರುತ್ತದೆ, ಅದೂ ಪ್ಯಾಕ್ ಕೈಗೆ ತೆಗೆದುಕೊಂಡಾಗಲೆಲ್ಲ. ದಿನಕ್ಕೆ 20 ಸೇದುವವರಿಗೆ ವರ್ಷಕ್ಕೆ 7,300 ಸಲ.

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. 2016ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸೇದುವವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ನಾಲ್ಕು ವಾರ ಒಂದು ಗುಂಪಿನ ಪ್ಯಾಕ್ ಮೇಲೆ ಚಿತ್ರದ ಎಚ್ಚರಿಕೆ, ಇನ್ನೊಂದರ ಮೇಲೆ ಬರೀ ಅಕ್ಷರ. ಬಿಡಲು ಪ್ರಯತ್ನಿಸಿದವರು ಚಿತ್ರದ ಗುಂಪಿನಲ್ಲಿ ಶೇ. 40, ಅಕ್ಷರದ ಗುಂಪಿನಲ್ಲಿ ಶೇ. 34. ಕೊನೆಗೆ ಕನಿಷ್ಠ ಒಂದು ವಾರ ಸೇದದೆ ಇದ್ದವರು ಶೇ. 5.7 ಮತ್ತು 3.8. ಅಂತರ ಚಿಕ್ಕದು ಅನ್ನಿಸಬಹುದು. ಆದರೆ ಇದು ಪ್ಯಾಕ್ ತೆಗೆಯುವ ಪ್ರತಿಯೊಬ್ಬರಿಗೂ ತಲುಪುವ ಉಪಾಯ, ಸರ್ಕಾರಕ್ಕೆ ಹೆಚ್ಚುಕಮ್ಮಿ ಖರ್ಚೇ ಇಲ್ಲ.

ಚಿತ್ರವೂ ಸವೆಯುತ್ತದೆ. ಒಂದೇ ಚಿತ್ರ ವರ್ಷಗಟ್ಟಲೆ ಇದ್ದರೆ ಕಣ್ಣು ಅದನ್ನು ಕಾಣುವುದೇ ನಿಲ್ಲಿಸುತ್ತದೆ, ಅದಕ್ಕೇ ಆಗಾಗ ಬದಲಿಸಬೇಕು. ಬರೀ ಹೆದರಿಸಿದರೆ ಕೆಲವರು ಪ್ಯಾಕ್ ತಿರುಗಿಸಿ ಇಡುತ್ತಾರೆ ಅಷ್ಟೇ. ಅದಕ್ಕೇ ಚಿತ್ರದ ಪಕ್ಕದಲ್ಲಿ ಬಿಡಲು ನೆರವಾಗುವ ಸಹಾಯವಾಣಿಯ ನಂಬರ್ ಇರಬೇಕು. ಬಿಡಿ ಸಿಗರೇಟು ಮಾರಿದರಂತೂ ಎರಡೂ ಉಪಾಯ ಸೋರಿಹೋಗುತ್ತವೆ. ಕೊಳ್ಳುವವರು ಪ್ಯಾಕ್ ನೋಡುವುದೇ ಇಲ್ಲ, ಪೂರ್ತಿ ಬೆಲೆಯ ಭಾರವೂ ಒಂದೇ ಸಲ ಜೇಬಿಗೆ ತಾಗುವುದಿಲ್ಲ.