ಕಪ್ಪಿನ ಭಿನ್ನರಾಶಿಯನ್ನು ಸ್ಪೂನಿಗೆ ಇಳಿಸುವುದು ಹೇಗೆ?

ಪ್ರಶ್ನೆ: ಮೇಡಂ, ನನ್ನ ಹತ್ತಿರ ಇರುವುದು 7 ಇಂಚಿನ ಕೇಕ್ ಟಿನ್. ರೆಸಿಪಿ 8 ಇಂಚಿನದ್ದು. ಎಲ್ಲವನ್ನೂ ಮುಕ್ಕಾಲು ಪಾಲು ಹಾಕಿ ಅಂದರು. ಎಣ್ಣೆ 1/3 ಕಪ್ ಇತ್ತು. ಅದು 5 ಟೇಬಲ್ ಸ್ಪೂನ್ ಅಂತ ಒಂದು ಚಾರ್ಟ್‌ನಲ್ಲಿ ನೋಡಿದ್ದೆ. ಅದರ ಮುಕ್ಕಾಲು ಅಂದರೆ 3.75 ಬಂತು, ಅಂಥ ಸ್ಪೂನ್ ಇಲ್ಲವಲ್ಲ ಅಂತ 3 ಹಾಕಿದೆ. ಕೇಕ್ ಪುಡಿಪುಡಿಯಾಯಿತು. ಓವನ್ ತಪ್ಪಾ? – ಮಂಡ್ಯದಿಂದ ಓದುಗರು

ಉತ್ತರ: ಓವನ್ ಪಾಪ, ಅದನ್ನು ಬಿಟ್ಟುಬಿಡಿ. ನಿಮಗೆ ಬೇಕಿದ್ದದ್ದು ಸರಿಯಾಗಿ 4 ಟೇಬಲ್ ಸ್ಪೂನ್ ಎಣ್ಣೆ, ಅಂದರೆ ಕಾಲು ಕಪ್. ನಾಲ್ಕರಲ್ಲಿ ಒಂದು ಸ್ಪೂನ್ ಹಾಕಲೇ ಇಲ್ಲ. ಕೇಕ್ ಪುಡಿಯಾಗದೆ ಇನ್ನೇನಾಗಬೇಕು?

ಮುಕ್ಕಾಲು ಪಾಲು ಅಂದವರು ಮಾತ್ರ ಸರಿಯಾಗಿಯೇ ಹೇಳಿದ್ದಾರೆ. ದುಂಡು ಟಿನ್‌ನಲ್ಲಿ ಲೆಕ್ಕಕ್ಕೆ ಬರುವುದು ಅಗಲವಲ್ಲ, ತಳದ ವಿಸ್ತೀರ್ಣ. 7ನ್ನು 7ರಿಂದ ಗುಣಿಸಿದರೆ 49, 8ನ್ನು 8ರಿಂದ ಗುಣಿಸಿದರೆ 64. 49ನ್ನು 64ರಿಂದ ಭಾಗಿಸಿ, ಹೆಚ್ಚುಕಮ್ಮಿ ಮುಕ್ಕಾಲು ಬರುತ್ತದೆ. "ಒಂದೇ ಇಂಚು ಕಮ್ಮಿ, ಸ್ವಲ್ಪ ಕಮ್ಮಿ ಹಾಕಿದರಾಯ್ತು" ಅನ್ನುವವರ ಹಿಟ್ಟು ಉಕ್ಕಿ ಓವನ್ ತಳಕ್ಕೆ ಸುರಿಯುವುದು ಇದಕ್ಕೇ.

ತಪ್ಪಿದ್ದು ಎಲ್ಲಿ ಅಂದರೆ, ನೀವು ಎರಡು ಸಲ ರೌಂಡ್ ಮಾಡಿದಿರಿ. ಎರಡು ಸಲವೂ ಕೆಳಕ್ಕೇ ಮಾಡಿದಿರಿ. 1/3 ಕಪ್ ಅಂದರೆ 5 ಟೇಬಲ್ ಸ್ಪೂನ್ ಅಲ್ಲ, 5 ಟೇಬಲ್ ಸ್ಪೂನ್ ಮತ್ತು 1 ಟೀ ಸ್ಪೂನ್. ಆ ಚಾರ್ಟ್ ಮಾಡಿದ ಪುಣ್ಯಾತ್ಮರು ಟೀ ಸ್ಪೂನ್ ನುಂಗಿಬಿಟ್ಟಿದ್ದಾರೆ. ಮೇಲಿಂದ ನೀವು 3.75ನ್ನು 3ಕ್ಕೆ ಇಳಿಸಿದಿರಿ. ಒಂದೊಂದೂ ಸಣ್ಣದಾಗಿಯೇ ಕಾಣುತ್ತದೆ, ಸೇರಿದಾಗ ಕಾಲು ಭಾಗ ಎಣ್ಣೆ ಮಾಯ.

ಹಾಗಾಗಿ ರೌಂಡ್ ಮಾಡುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಎಲ್ಲವನ್ನೂ ಟೀ ಸ್ಪೂನಿಗೆ ಇಳಿಸಿ. 1 ಕಪ್ಪಿಗೆ 48 ಟೀ ಸ್ಪೂನ್, 1 ಟೇಬಲ್ ಸ್ಪೂನಿಗೆ 3 ಟೀ ಸ್ಪೂನ್. ಈ ಎರಡು ಸಂಖ್ಯೆ ತಲೆಯಲ್ಲಿದ್ದರೆ ಯಾವ ಚಾರ್ಟೂ ಬೇಡ. 48 ಒಳ್ಳೆಯ ಸಂಖ್ಯೆ, ಮೂರಕ್ಕೂ ಹೋಗುತ್ತದೆ, ನಾಲ್ಕಕ್ಕೂ ಹೋಗುತ್ತದೆ. ನಿಮ್ಮ ಎಣ್ಣೆಯನ್ನೇ ನೋಡಿ: 48ರ ಮೂರನೇ ಒಂದು ಭಾಗ 16. ಅದರ ಮುಕ್ಕಾಲು 12. 12 ಟೀ ಸ್ಪೂನ್ ಅಂದರೆ 4 ಟೇಬಲ್ ಸ್ಪೂನ್. ರೌಂಡ್ ಮಾಡುವ ಪ್ರಮೇಯವೇ ಬರಲಿಲ್ಲ, ಅಲ್ವಾ?

ಉಳಿದ ಸಾಮಾನನ್ನು ನೀವು ಬರೆದಿಲ್ಲ. ಮೊಟ್ಟೆ ಇಲ್ಲದ ಮೊಸರಿನ ಕೇಕ್ ಅಂದುಕೊಂಡು ಮುಂದುವರಿಸುತ್ತೇನೆ. ಮೈದಾ ಒಂದೂವರೆ ಕಪ್ ಇದ್ದರೆ 72 ಟೀ ಸ್ಪೂನ್, ಮುಕ್ಕಾಲು ಅಂದರೆ 54. ಇದರಲ್ಲಿ 48 ಒಂದು ಕಪ್ಪಿಗೆ ಹೋಯಿತು, ಉಳಿದ 6 ಅಂದರೆ 2 ಟೇಬಲ್ ಸ್ಪೂನ್. ಸಕ್ಕರೆ ಮುಕ್ಕಾಲು ಕಪ್ ಇದ್ದರೆ 36, ಅದರ ಮುಕ್ಕಾಲು 27. ಅರ್ಧ ಕಪ್ ಮತ್ತು 1 ಟೇಬಲ್ ಸ್ಪೂನ್. ಮೊಸರು 1 ಕಪ್ ಇದ್ದದ್ದು ಮುಕ್ಕಾಲು ಕಪ್. 54 ಸಲ ಸ್ಪೂನ್ ಎತ್ತಿ ಸುರಿಯಿರಿ ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಮಾತ್ರ ಸ್ಪೂನಿನಲ್ಲಿ, ಅಳೆಯುವುದು ಸಾಧ್ಯವಾದಷ್ಟು ದೊಡ್ಡ ಕಪ್ಪಿನಲ್ಲಿ.

ನಿಜವಾಗಿ ತೊಡಕಾಗುವುದು ಸೋಡಾ. ಅರ್ಧ ಟೀ ಸ್ಪೂನಿನ ಮುಕ್ಕಾಲು ಅಂದರೆ 3/8. ಅಂಥ ಸ್ಪೂನ್ ಯಾವ ಸೆಟ್‌ನಲ್ಲೂ ಬರುವುದಿಲ್ಲ. ಆದರೆ ಅದು ಕಾಲು ಮತ್ತು ಅರೆಕಾಲು ಸೇರಿದ್ದು. ಕಾಲು ಟೀ ಸ್ಪೂನ್ ಒಂದು ಸಲ ಸಮತಟ್ಟಾಗಿ ಅಳೆದು ಹಾಕಿ. ಇನ್ನೊಂದು ಕಾಲು ಟೀ ಸ್ಪೂನ್ ಅಳೆದು ಕಾಗದದ ಮೇಲೆ ಸುರಿದು, ಚಾಕುವಿನಿಂದ ಎರಡು ಪಾಲು ಮಾಡಿ. ಒಂದು ಪಾಲು ಹಿಟ್ಟಿಗೆ, ಇನ್ನೊಂದು ವಾಪಸ್ ಡಬ್ಬಕ್ಕೆ. ಇಷ್ಟಕ್ಕೂ ಬೇಜಾರಾದರೆ ಕಮ್ಮಿ ಕಡೆಗೇ ಇರಲಿ, ಜಾಸ್ತಿ ಕಡೆಗೆ ಬೇಡ. ಸೋಡಾ ಕೊಂಚ ಕಮ್ಮಿಯಾದರೆ ಕೇಕ್ ಸ್ವಲ್ಪ ಒತ್ತಾಗಿ ಬರುತ್ತದೆ, ತಿನ್ನಬಹುದು. ಜಾಸ್ತಿಯಾದರೆ ಸೋಪು ನೆಕ್ಕಿದ ಹಾಗೆ ರುಚಿ, ಒಳಗೆಲ್ಲ ಕಂದು ಬಣ್ಣ, ಮೇಲೆದ್ದ ಕೇಕ್ ನಡುವೆ ಕುಸಿಯುವುದೂ ಉಂಟು. ಬೇಕಿಂಗ್ ಪೌಡರ್ ಇದ್ದರೆ ಅದು ಸುಲಭ: 1 ಟೀ ಸ್ಪೂನಿನ ಮುಕ್ಕಾಲು ಅಂದರೆ ಅರ್ಧ ಒಂದು, ಕಾಲು ಒಂದು.

ಬೇರೆ ರೆಸಿಪಿಗಳಲ್ಲಿ ಲೆಕ್ಕ ಇಷ್ಟು ನೀಟಾಗಿ ಬರದೇ ಇರಬಹುದು. 1/3 ಕಪ್ಪಿನ ಮೂರನೇ ಒಂದು ಭಾಗ ಬೇಕಾದರೆ 5 ಟೀ ಸ್ಪೂನ್ ಮತ್ತು ಮೇಲೊಂದು ಚೂರು. ಎಣ್ಣೆ, ಸಕ್ಕರೆ, ಕೋಕೋ ಆದರೆ 5ಕ್ಕೇ ನಿಲ್ಲಿಸಿ, ಯಾರಿಗೂ ಗೊತ್ತಾಗುವುದಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಮೈದಾವನ್ನು ಮೇಲಕ್ಕೂ ಎಣ್ಣೆ ಮೊಸರನ್ನು ಕೆಳಕ್ಕೂ ಒಟ್ಟಿಗೇ ರೌಂಡ್ ಮಾಡಬೇಡಿ. ಎರಡೂ ಸೇರಿ ಹಿಟ್ಟು ಗಟ್ಟಿಯಾಗುತ್ತದೆ. ಸ್ಪೂನಿನಿಂದ ಎತ್ತಿ ಬಿಟ್ಟಾಗ ಪಟ್ಟಿಯಂತೆ ಇಳಿಯಬೇಕಾದ ಹಿಟ್ಟು ಮುದ್ದೆಯಾಗಿ ಬಿದ್ದರೆ ಇದೇ ಆಗಿದೆ ಅಂತ ತಿಳಿಯಿರಿ, ಒಂದೊಂದೇ ಸ್ಪೂನ್ ಹಾಲು ಸೇರಿಸಿ ಸರಿಮಾಡಿ.

ಕೊನೆಗೆ ನಿಮ್ಮ ಸ್ಪೂನ್ ಯಾವುದು ಅಂತ ನೋಡಿಕೊಳ್ಳಿ. ಉಪ್ಪಿಟ್ಟು ತಿನ್ನುವ ಸ್ಟೀಲ್ ಚಮಚ ಟೇಬಲ್ ಸ್ಪೂನ್ ಅಲ್ಲ. ಟೀ ಸ್ಪೂನ್ ಅಂದರೆ 5 ಮಿ.ಲೀ., ಟೇಬಲ್ ಸ್ಪೂನ್ ಅಂದರೆ 15 ಮಿ.ಲೀ. ಕೆಮ್ಮಿನ ಸಿರಪ್ ಜೊತೆ ಬರುವ ಗೆರೆ ಹಾಕಿದ ಮುಚ್ಚಳ ಇರುತ್ತದಲ್ಲ, ಅದನ್ನು ತೊಳೆದು 15ರ ಗೆರೆಯವರೆಗೆ ನೀರು ಹಾಕಿ ಸ್ಪೂನಿಗೆ ಸುರಿದು ನೋಡಿ. ಆಸ್ಟ್ರೇಲಿಯಾದ ರೆಸಿಪಿ ಆದರೆ ಅವರ ಟೇಬಲ್ ಸ್ಪೂನ್ 20 ಮಿ.ಲೀ., ಅದು ಬೇರೆ ತಲೆನೋವು. ಕಪ್ 240 ಮಿ.ಲೀ.ದ್ದೂ ಸಿಗುತ್ತದೆ, 250ರದ್ದೂ ಸಿಗುತ್ತದೆ. ನಾನು ಹೇಳಿದ 48ರ ಲೆಕ್ಕ 240ಕ್ಕೆ ಸರಿಯಾಗಿ ಕೂಡುತ್ತದೆ. 250ರದ್ದಾದರೆ ಕಾಲು ಕಪ್ಪಿಗೆ ಅರ್ಧ ಟೀ ಸ್ಪೂನ್ ವ್ಯತ್ಯಾಸ, ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: 1 ಕಪ್ ಅಂದರೆ 200 ಗ್ರಾಂ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಹಾಗೇ ತೂಕ ಮಾಡಬಹುದಾ?

ಉತ್ತರ: ಸಕ್ಕರೆಗೆ ಹೆಚ್ಚುಕಮ್ಮಿ ಸರಿ, ಮೈದಾಗೆ ಶುದ್ಧ ಸುಳ್ಳು. ಒಂದು ಕಪ್ ಮೈದಾ ಸುಮಾರು 120–125 ಗ್ರಾಂ ಇರುತ್ತದೆ. ಆ ಮೆಸೇಜ್ ನಂಬಿದವರ ಕೇಕ್ ಇಟ್ಟಿಗೆಯಾಗುವುದರಲ್ಲಿ ಆಶ್ಚರ್ಯವಿಲ್ಲ. ರೆಸಿಪಿಯಲ್ಲೇ ಗ್ರಾಂ ಕೊಟ್ಟಿದ್ದರೆ ತಕ್ಕಡಿಯಷ್ಟು ಸುಖ ಬೇರೆ ಇಲ್ಲ, 80ರ ಮುಕ್ಕಾಲು 60, ಮುಗಿಯಿತು. ಆದರೆ 1 ಗ್ರಾಂಗಿಂತ ಕೆಳಗೆ ತೋರಿಸದ ಅಡುಗೆಮನೆ ತಕ್ಕಡಿಯಲ್ಲಿ ಸೋಡಾ ತೂಗಬೇಡಿ. ಅದಕ್ಕೆ ಸ್ಪೂನೇ ಸರಿ.

ಪ್ರಶ್ನೆ: ಒಂದು ಮೊಟ್ಟೆಯ ಮುಕ್ಕಾಲು ಹೇಗೆ ತೆಗೆಯುವುದು?

ಉತ್ತರ: ಒಡೆದು ಚೆನ್ನಾಗಿ ಕದಡಿ, ಸ್ಪೂನಿನಲ್ಲಿ ಅಳೆಯಿರಿ, ನಾಲ್ಕನೇ ಒಂದು ಭಾಗ ತೆಗೆದಿಟ್ಟು ಆಮ್ಲೆಟ್‌ಗೆ ಹಾಕಿ. ಕದಡದೆ ಅಳೆದರೆ ಒಂದು ಕಡೆ ಬರೀ ಹಳದಿ, ಇನ್ನೊಂದು ಕಡೆ ಬರೀ ಬಿಳಿ.

ಪ್ರಶ್ನೆ: ಮೈಸೂರು ಪಾಕ್‌ಗೂ ಹೀಗೇ ಸ್ಪೂನ್ ಲೆಕ್ಕ ಹಾಕಬೇಕಾ?

ಉತ್ತರ: ಬೇಡ. ಒಂದೇ ಲೋಟದಲ್ಲಿ ಕಡ್ಲೆಹಿಟ್ಟು, ಸಕ್ಕರೆ, ತುಪ್ಪ ಅಳೆಯಿರಿ. ಸಣ್ಣದು ಬೇಕಾದರೆ ಸಣ್ಣ ಲೋಟ ತಗೊಳ್ಳಿ.

ಪ್ರಶ್ನೆ: ಸಾರಿಗೆ 1/8 ಟೀ ಸ್ಪೂನ್ ಇಂಗು ಅಂತ ಬರೆದಿದ್ದಾರೆ. ಅದರ ಅರ್ಧ ಎಷ್ಟು?

ಉತ್ತರ: ಸುಮ್ನೆ ಒಂದು ಚಿಟಿಕೆ ಹಾಕಿ ಸ್ವಾಮಿ.